ಮೂರು ಬಣ್ಣ, ಒಂದು ವೃತ್ತ: ಯುದ್ಧವಿಮಾನದ ಮೇಲಿನ ಗುರುತನ್ನು ಓದುವ ಬಗೆ

(ಹಳೆಯ ಛಾಯಾಚಿತ್ರಗಳ ಆಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ತೆರೆಯ ಮೇಲೆ ತೋರಿಸಿದ್ದ ಚಿತ್ರಗಳನ್ನು ಇಲ್ಲಿ ಮಾತಿನಲ್ಲಿಯೇ ವಿವರಿಸಿದ್ದೇನೆ.)

ಸ್ನೇಹಿತರೇ,

1914ರ ಆಗಸ್ಟ್ ತಿಂಗಳಿನಿಂದ ಶುರುಮಾಡುತ್ತೇನೆ. ಬ್ರಿಟಿಷರ ವಿಮಾನಗಳು ಆಗಷ್ಟೇ ಫ್ರಾನ್ಸಿಗೆ ಬಂದಿಳಿದಿದ್ದವು. ನೆಲದ ಮೇಲಿದ್ದ ಸೈನಿಕರಲ್ಲಿ ಬಹುತೇಕರು ಅದುವರೆಗೆ ವಿಮಾನವನ್ನೇ ನೋಡಿರಲಿಲ್ಲ. ತಲೆಯ ಮೇಲೆ ಏನಾದರೂ ಹಾರಿತೆಂದರೆ ಬಂದೂಕು ಎತ್ತಿ ಹೊಡೆಯುತ್ತಿದ್ದರು, ಅದು ತಮ್ಮದೋ ಶತ್ರುವಿನದೋ ಎಂದು ನೋಡುತ್ತಿರಲಿಲ್ಲ. ಇದನ್ನು ತಪ್ಪಿಸಲು ಬ್ರಿಟಿಷರು ರೆಕ್ಕೆಗಳ ಅಡಿಯಲ್ಲಿ ತಮ್ಮ ದೇಶದ ಬಾವುಟವನ್ನೇ ಬಿಡಿಸಿದರು. ಆ ಬಾವುಟದ ನಡುವೆ ಒಂದು ದೊಡ್ಡ ಕೆಂಪು ಶಿಲುಬೆಯಿದೆ. ಕೆಲವು ನೂರು ಮೀಟರ್ ಎತ್ತರಕ್ಕೆ ಹೋದ ಮೇಲೆ ಬಾವುಟದ ಬೇರೆಲ್ಲ ವಿವರಗಳು ಕರಗಿ ಹೋಗಿ ಆ ಶಿಲುಬೆಯೊಂದೇ ಉಳಿಯುತ್ತಿತ್ತು. ಜರ್ಮನರು ತಮ್ಮ ರೆಕ್ಕೆಗಳ ಮೇಲೆ ಬಿಡಿಸಿಕೊಂಡಿದ್ದುದೂ ಶಿಲುಬೆಯೇ, ಕಪ್ಪು ಬಣ್ಣದ್ದು. ಹೀಗಾಗಿ ತಮ್ಮವರ ಗುಂಡಿನಿಂದ ಕಾಪಾಡಬೇಕಿದ್ದ ಬಾವುಟವೇ ಗುಂಡನ್ನು ಕರೆಯಿತು.

ಫ್ರೆಂಚರು ಅದಕ್ಕೆ ಎರಡು ವರ್ಷ ಮುಂಚೆ, 1912ರಲ್ಲಿಯೇ, ಬೇರೆ ದಾರಿ ಹಿಡಿದಿದ್ದರು. ಕ್ರಾಂತಿಯ ಕಾಲದಿಂದ ಅವರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮೂರು ಬಣ್ಣದ ರಿಬ್ಬನ್ ಹೂವು ಒಂದಿತ್ತು, ಕೊಕೇಡ್ ಎಂದು ಅದರ ಹೆಸರು. ಅದನ್ನೇ ರೆಕ್ಕೆಗೆ ತಂದರು: ನಡುವೆ ನೀಲಿ ಬಟ್ಟು, ಸುತ್ತ ಬಿಳಿ ಬಳೆ, ಹೊರಗೆ ಕೆಂಪು ಬಳೆ. ವೃತ್ತವನ್ನು ಯಾವ ದಿಕ್ಕಿನಿಂದ ನೋಡಿದರೂ ವೃತ್ತವೇ, ಯಾರೂ ಅದನ್ನು ಶಿಲುಬೆ ಎಂದು ತಿಳಿಯುವ ಹಾಗಿಲ್ಲ. 1914ರ ಕೊನೆಯ ಹೊತ್ತಿಗೆ ಬ್ರಿಟಿಷರು ಬಾವುಟವನ್ನು ಕೈಬಿಟ್ಟು ಈ ವೃತ್ತವನ್ನೇ ಎರವಲು ಪಡೆದರು, ಆದರೆ ಬಣ್ಣಗಳನ್ನು ತಿರುಗಿಸಿಕೊಂಡರು. ಕೆಂಪು ನಡುವೆ ಬಂತು, ನೀಲಿ ಹೊರಗೆ ಹೋಯಿತು. ನಾವು ಇಂದು ರೌಂಡೆಲ್ ಎಂದು ಕರೆಯುವ ಗುರುತಿನ ಮೂಲ ಇದು.

ಈ ಕಥೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಗುರುತಿನಿಂದ ದೇಶವನ್ನು ಪತ್ತೆ ಮಾಡುವವರು ಮೊದಲು ಬಣ್ಣವನ್ನು ನೋಡುತ್ತಾರೆ. ಕೆಂಪು, ಬಿಳಿ, ನೀಲಿ ಕಂಡೊಡನೆ ಬಾವುಟಗಳ ಪಟ್ಟಿ ಹುಡುಕಲು ಹೊರಡುತ್ತಾರೆ. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಅಲ್ಲಿಯೇ ಹುಟ್ಟುತ್ತವೆ. ಮೊದಲು ನೋಡಬೇಕಾದದ್ದು ಆಕಾರ, ಆಮೇಲೆ ಬಣ್ಣಗಳ ಕ್ರಮ, ಆಮೇಲೆ ಗುರುತು ವಿಮಾನದ ಯಾವ ಭಾಗದಲ್ಲಿದೆ ಎಂಬುದು. ಬಣ್ಣದ ಸರದಿ ಇವೆಲ್ಲದರ ನಂತರ ಬರಬೇಕು. ಹಳೆಯ ಚಿತ್ರಗಳಿಗೆ ಅಡಿಬರಹ ಬರೆಯುತ್ತ ನಾನು ಕಲಿತದ್ದು ಇದು, ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಆಕಾರ ಏಕೆ ಮೊದಲು ಎನ್ನುವುದನ್ನು ಅಮೆರಿಕನ್ನರ ಗುರುತೇ ಚೆನ್ನಾಗಿ ತೋರಿಸುತ್ತದೆ. ಎರಡನೆಯ ಮಹಾಯುದ್ಧಕ್ಕೆ ಅವರು ಬಂದಾಗ ಅವರ ಗುರುತು ಹೀಗಿತ್ತು: ನೀಲಿ ವೃತ್ತ, ಅದರೊಳಗೆ ಬಿಳಿ ನಕ್ಷತ್ರ, ನಕ್ಷತ್ರದ ನಡುವೆ ಒಂದು ಕೆಂಪು ಬಟ್ಟು. ಪೆಸಿಫಿಕ್ ಸಾಗರದಲ್ಲಿ ಎದುರಾಳಿ ಜಪಾನ್. ಜಪಾನಿನ ಗುರುತು ಬರಿಯ ಕೆಂಪು ಸೂರ್ಯ. ಹಡಗಿನ ಮೇಲಿನ ಫಿರಂಗಿಯವನಿಗೆ ಸಿಗುವುದು ಎರಡು ಮೂರು ಕ್ಷಣ ಮಾತ್ರ. ಅಷ್ಟರಲ್ಲಿ ರೆಕ್ಕೆಯ ಮೇಲೆ ಚೂರು ಕೆಂಪು ಹೊಳೆದರೆ ಸಾಕು, ಅವನು ಹೊಡೆಯುತ್ತಾನೆ. 1942ರ ಮೇ ತಿಂಗಳಿನಲ್ಲಿ ಅಮೆರಿಕನ್ನರು ಆ ಕೆಂಪು ಬಟ್ಟನ್ನು ಅಳಿಸಿದರು. ಅದೇ ವರ್ಷ ಆಸ್ಟ್ರೇಲಿಯದ ಒಂದು ಕ್ಯಾಟಲೀನಾ ವಿಮಾನದ ರೌಂಡೆಲ್‌ನ ನಡುವಿನ ಕೆಂಪನ್ನು ಜಪಾನಿನ ಸೂರ್ಯನೆಂದು ತಿಳಿದು ಅಮೆರಿಕದ ಪೈಲಟ್ ಒಬ್ಬ ಅದರ ಮೇಲೆ ದಾಳಿ ಮಾಡಿದ. ಆಮೇಲೆ ಆಸ್ಟ್ರೇಲಿಯದವರೂ ಕೆಂಪನ್ನು ಬಿಟ್ಟು ನೀಲಿ ಮತ್ತು ಬಿಳಿ ಎರಡನ್ನೇ ಉಳಿಸಿಕೊಂಡರು. ಆಗ್ನೇಯ ಏಷ್ಯಾದ ರಣರಂಗದಲ್ಲಿ ಬ್ರಿಟಿಷರ ವಿಮಾನಗಳೂ ಅವರೊಡನೆ ಹಾರುತ್ತಿದ್ದ ಭಾರತೀಯ ವಾಯುಪಡೆಯ ವಿಮಾನಗಳೂ ಕಡುನೀಲಿಯೊಳಗೆ ತಿಳಿನೀಲಿಯ ಬಟ್ಟಿರುವ ರೌಂಡೆಲ್ ಹಾಕಿಕೊಂಡವು. ಆದ್ದರಿಂದ ಎರಡು ಬಗೆಯ ನೀಲಿ ಮಾತ್ರ ಇರುವ ವೃತ್ತ ಕಂಡರೆ ಅದು ಯಾವ ರಣರಂಗ ಎಂಬುದಂತೂ ಗೊತ್ತಾಗುತ್ತದೆ. ದೇಶವನ್ನು ಮಾತ್ರ ಬೇರೆ ಕಡೆ ಹುಡುಕಬೇಕು.

ಕೆಂಪು ಹೋದ ಮೇಲೂ ತೊಂದರೆ ತೀರಲಿಲ್ಲ. ಅಮೆರಿಕನ್ನರು ಪರೀಕ್ಷೆ ಮಾಡಿ ನೋಡಿದಾಗ ದೂರದಲ್ಲಿ ಕಣ್ಣಿಗೆ ಬಣ್ಣ ತಿಳಿಯುವುದೇ ಇಲ್ಲ, ಆಕಾರ ಮಾತ್ರ ತಿಳಿಯುತ್ತದೆ ಎಂಬುದು ಗೊತ್ತಾಯಿತು. ಅವರ ನೀಲಿ ವೃತ್ತವೂ ಜಪಾನಿನ ಕೆಂಪು ವೃತ್ತವೂ ಸಾಕಷ್ಟು ದೂರದಿಂದ ಒಂದೇ ತೆರನ ಕಪ್ಪು ಚುಕ್ಕೆಗಳು. ಆದ್ದರಿಂದ 1943ರ ಜೂನ್ ಕೊನೆಯಲ್ಲಿ ವೃತ್ತದ ಎರಡೂ ಬದಿಗೆ ಬಿಳಿ ಆಯತಗಳನ್ನು ಸೇರಿಸಿ ಅದರ ಹೊರಗೆರೆಯನ್ನೇ ಬದಲಿಸಿದರು. ಈ ಹೊಸ ಗುರುತಿಗೆ ಸುತ್ತ ಕೆಂಪು ಅಂಚು ಎಳೆದಿದ್ದರು. ಪೆಸಿಫಿಕ್‌ನಲ್ಲಿ ಮತ್ತೆ ಕೆಂಪಿನ ಭಯ ಎದ್ದಿತು. ಎರಡು ಮೂರು ತಿಂಗಳೊಳಗೆ ಆ ಅಂಚು ನೀಲಿಯಾಯಿತು. 1947ರ ಜನವರಿಯಲ್ಲಿ ಬಿಳಿ ಆಯತಗಳ ನಡುವೆ ಒಂದೊಂದು ಕೆಂಪು ಪಟ್ಟಿ ಸೇರಿ ಇಂದಿನ ರೂಪ ಬಂತು.

ಈ ದಿನಾಂಕಗಳನ್ನು ನೆನಪಿಟ್ಟುಕೊಂಡರೆ ಗುರುತು ಒಂದು ಪಂಚಾಂಗದ ಹಾಗೆ ಕೆಲಸಕ್ಕೆ ಬರುತ್ತದೆ. ಆದರೆ ಅದು ಒಂದೇ ದಿಕ್ಕಿನಲ್ಲಿ ನಂಬಬಹುದಾದ ಪಂಚಾಂಗ. ನಕ್ಷತ್ರದ ಬದಿಗೆ ಬಿಳಿ ಆಯತಗಳಿದ್ದರೆ ಆ ಚಿತ್ರ 1943ರ ಜೂನ್‌ಗಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಆಯತಗಳು ಇಲ್ಲವೆಂದ ಮಾತ್ರಕ್ಕೆ ಚಿತ್ರ ಆ ತಿಂಗಳಿಗಿಂತ ಮುಂಚಿನದು ಎನ್ನುವಂತಿಲ್ಲ. ಆದೇಶ ಹೊರಟ ದಿನ ಒಂದು, ದೂರದ ದ್ವೀಪದ ಮೆಕ್ಯಾನಿಕ್ ಕುಂಚ ಹಿಡಿದ ದಿನ ಇನ್ನೊಂದು. ಹಳೆಯ ಗುರುತು ತಿಂಗಳುಗಟ್ಟಲೆ ಉಳಿದ ವಿಮಾನಗಳಿವೆ. ಹೊಸ ಗುರುತು ಮಾತ್ರ ಆದೇಶಕ್ಕಿಂತ ಮುಂಚೆ ಹುಟ್ಟುವುದಿಲ್ಲ.

ಆಕಾರದ ಮಾತು ಬಂದದ್ದರಿಂದ ಒಂದು ವಿಷಯ. ವೃತ್ತವಲ್ಲದ ಗುರುತುಗಳು ನಮಗೆ ಹೆಚ್ಚು ಕಷ್ಟ ಕೊಡುವುದಿಲ್ಲ. ಕೆಂಪು ಬಿಳಿ ಚೌಕಗಳ ಪುಟ್ಟ ಚದುರಂಗದ ಹಾಸು ಕಂಡರೆ ಅದು ಪೋಲೆಂಡ್. ಅದರಲ್ಲಿಯೂ ಎಡ ಮೇಲ್ಗಡೆಯ ಚೌಕ ಕೆಂಪಾಗಿದ್ದರೆ 1993ಕ್ಕಿಂತ ಮುಂಚಿನದು, ಬಿಳಿಯಾಗಿದ್ದರೆ ಆಮೇಲಿನದು. ಕೆಂಪು ವೃತ್ತದೊಳಗೆ ಬಿಳಿ ತ್ರಿಕೋನವಿದ್ದರೆ ಆಸ್ಟ್ರಿಯಾ. ವೃತ್ತವನ್ನು ಬಳೆಗಳಾಗಿ ಅಲ್ಲದೆ ಹೋಳುಗಳಾಗಿ ಕತ್ತರಿಸಿ ಕೆಂಪು, ಬಿಳಿ, ನೀಲಿ ತುಂಬಿ ನಡುವೆ ಕಿತ್ತಳೆ ಬಟ್ಟು ಇಟ್ಟಿದ್ದರೆ ನೆದರ್ಲೆಂಡ್ಸ್; ಕಿತ್ತಳೆ ಇಲ್ಲದೆ ನೀಲಿ ಅಂಚಿದ್ದರೆ ಜೆಕ್. ಕಷ್ಟವಿರುವುದು ಬಳೆಗಳೊಳಗೆ ಬಳೆಗಳಿರುವ ಗುರುತುಗಳಲ್ಲಿ. ಹೊರಗೆ ಕೆಂಪು, ಒಳಗೆ ಬಿಳಿ, ನಡುವೆ ಹಸಿರು ಇದ್ದರೆ ಇಟಲಿ. ಅದನ್ನೇ ಒಳಹೊರಗು ಮಾಡಿ ಹೊರಗೆ ಹಸಿರು, ನಡುವೆ ಕೆಂಪು ಇಟ್ಟರೆ ಇರಾನ್. ಬಣ್ಣಗಳನ್ನು ಮಾತ್ರ ನೆನಪಿಟ್ಟು ಕ್ರಮವನ್ನು ಮರೆತವನು ಇಟಲಿಯ ವಿಮಾನವನ್ನು ಇರಾನಿಗೆ ಕೊಟ್ಟುಬಿಡುತ್ತಾನೆ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಸಮಸ್ಯೆಗೆ ಬರುತ್ತೇನೆ. ಕ್ರಮವನ್ನು ನೋಡಬೇಕು ಎಂದೆ. ಚಿತ್ರ ಕಪ್ಪು ಬಿಳುಪಿನದಾದರೆ ಕ್ರಮವನ್ನು ನೋಡುವುದು ಹೇಗೆ?

ಮೊದಲನೆಯ ಮಹಾಯುದ್ಧದ ಕಾಲದ ಫಿಲ್ಮ್ ಮತ್ತು ಗಾಜಿನ ಪ್ಲೇಟುಗಳು ಸಾಮಾನ್ಯವಾಗಿ ನೀಲಿ ಮತ್ತು ಹಸಿರು ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ಕೆಂಪು ಬೆಳಕು ಅವುಗಳ ಪಾಲಿಗೆ ಕತ್ತಲೆಯೇ. ಕತ್ತಲ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೆಲಸ ಮಾಡಲು ಆಗುತ್ತಿದ್ದುದು ಈ ಕಾರಣಕ್ಕೇ. ಇಂಥ ಫಿಲ್ಮಿಗೆ ಆರ್ಥೋಕ್ರೊಮ್ಯಾಟಿಕ್ ಎಂದು ಹೆಸರು. ಇದರಲ್ಲಿ ನೀಲಿ ಬಣ್ಣ ನಮ್ಮ ಕಣ್ಣಿಗೆ ಕಾಣುವುದಕ್ಕಿಂತ ಬಹಳ ತೆಳುವಾಗಿ, ಕೆಲವೊಮ್ಮೆ ಬಿಳಿಗೆ ಹತ್ತಿರವಾಗಿ ಮೂಡುತ್ತದೆ. ಕೆಂಪು ಕಪ್ಪಾಗುತ್ತದೆ. ಹಳದಿಯೂ ಕಪ್ಪಿನ ಕಡೆಗೆ ಜಾರುತ್ತದೆ. ಬ್ರಿಟಿಷರ ರೌಂಡೆಲ್‌ಗೆ ಎರಡನೆಯ ಯುದ್ಧದ ಕಾಲದಲ್ಲಿ ಎಳೆಯುತ್ತಿದ್ದ ಹಳದಿ ಹೊರ ಅಂಚು ಕೆಲವು ಚಿತ್ರಗಳಲ್ಲಿ ನೀಲಿಗಿಂತ ಕಪ್ಪಾಗಿ ಕಾಣುವುದು ಇದರಿಂದಲೇ. ನೋಡಿದವರು ಅದನ್ನು ಕಪ್ಪು ಅಂಚು ಎಂದು ಬರೆದುಬಿಡುತ್ತಾರೆ.

ಆಮೇಲೆ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಂತು. ಅದು ಎಲ್ಲ ಬಣ್ಣಗಳಿಗೂ ಸ್ಪಂದಿಸುತ್ತದೆ. ಕೇಳಲು ಇದು ಒಳ್ಳೆಯ ಸುದ್ದಿ, ಆದರೆ ಅದರಲ್ಲಿ ಕೆಂಪೂ ನೀಲಿಯೂ ಹೆಚ್ಚುಕಡಿಮೆ ಒಂದೇ ಬೂದಿಯಾಗಿ ಬರಬಹುದು. ಹೀಗಾಗಿ ಫ್ರೆಂಚ್ ಮತ್ತು ಬ್ರಿಟಿಷ್ ರೌಂಡೆಲ್‌ಗಳನ್ನು ಬೇರ್ಪಡಿಸುವ ವಿಷಯದಲ್ಲಿ ಹಳೆಯ, ಅರೆಕುರುಡು ಫಿಲ್ಮೇ ಹೆಚ್ಚು ನಂಬಿಕಸ್ಥ ಸಾಕ್ಷಿ.

ಚಿತ್ರ ಯಾವ ಫಿಲ್ಮಿನದು ಎಂದು ತಿಳಿಯಲು ಗುರುತನ್ನು ಬಿಟ್ಟು ಉಳಿದದ್ದನ್ನು ನೋಡಬೇಕು. ಆಕಾಶ ಒಂದು ಮೋಡದ ಗೆರೆಯೂ ಇಲ್ಲದೆ ಸುಣ್ಣ ಬಳಿದ ಹಾಗೆ ಬೆಳ್ಳಗಿದೆಯೇ? ನಿಂತಿರುವ ಬಿಳಿಯ ಮನುಷ್ಯರ ಮುಖ ಬಿಸಿಲಿಗೆ ಸುಟ್ಟಂತೆ ಗಾಢವಾಗಿ, ತುಟಿಗಳು ಕಪ್ಪಾಗಿ ಕಾಣುತ್ತಿವೆಯೇ? ಎರಡಕ್ಕೂ ಹೌದೆಂದು ಉತ್ತರ ಬಂದರೆ ಅದು ಬಹುಮಟ್ಟಿಗೆ ಆರ್ಥೋಕ್ರೊಮ್ಯಾಟಿಕ್.

ಒಂದು ಚಿತ್ರವನ್ನು ಇಟ್ಟುಕೊಂಡು ಪೂರ್ತಿ ಮಾಡಿ ನೋಡೋಣ. ಹುಲ್ಲಿನ ಮೈದಾನದಲ್ಲಿ ಎರಡು ಸಾಲು ರೆಕ್ಕೆಗಳ ಒಂದು ಸಣ್ಣ ವಿಮಾನ ನಿಂತಿದೆ. ಮೂತಿಯ ದುಂಡು ರೇಡಿಯೇಟರ್, ಒತ್ತಾದ ರೆಕ್ಕೆಗಂಬಗಳು ಎಲ್ಲ ಸೇರಿ ಅದು ಸ್ಪಾಡ್ 13 ಎಂದು ತಿಳಿಯುತ್ತದೆ. ವಿಮಾನದ ಜಾತಿ ತಿಳಿದರೆ ದೇಶ ತಿಳಿಯಿತು ಎಂದುಕೊಳ್ಳಬಾರದು. ಫ್ರಾನ್ಸಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ತಯಾರಾದ ಈ ವಿಮಾನವನ್ನು ಫ್ರೆಂಚರಷ್ಟೇ ಅಲ್ಲದೆ ಅಮೆರಿಕನ್ನರು, ಇಟಲಿಯವರು, ಬೆಲ್ಜಿಯಮ್ಮಿನವರು, ಸ್ವಲ್ಪ ಮಟ್ಟಿಗೆ ಬ್ರಿಟಿಷರೂ ಹಾರಿಸಿದ್ದಾರೆ. ಚಿತ್ರದಲ್ಲಿ ಆಕಾಶ ಬೆಳ್ಳಗಿದೆ, ಪಕ್ಕದಲ್ಲಿ ನಿಂತ ಮೆಕ್ಯಾನಿಕ್‌ನ ಮುಖ ಗಾಢವಾಗಿದೆ. ಆರ್ಥೋಕ್ರೊಮ್ಯಾಟಿಕ್ ಎಂದು ಇಟ್ಟುಕೊಳ್ಳೋಣ. ರೆಕ್ಕೆಯ ಮೇಲಿನ ರೌಂಡೆಲ್‌ನಲ್ಲಿ ಹೊರ ಬಳೆ ಕಪ್ಪು, ಒಳಗಿನದೆಲ್ಲ ತಿಳಿ.

ಒಬ್ಬೊಬ್ಬರನ್ನೇ ಹೊರಗೆ ಕಳುಹಿಸುತ್ತ ಹೋಗೋಣ. ಬ್ರಿಟಿಷರದಾಗಿದ್ದರೆ ಹೊರಗಿನ ನೀಲಿ ತೆಳುವಾಗಿ, ನಡುವಿನ ಕೆಂಪು ಕಪ್ಪು ಬಟ್ಟಾಗಿ ಬರಬೇಕಿತ್ತು. ನಮ್ಮಲ್ಲಿ ಅದು ತಲೆಕೆಳಗಾಗಿದೆ. ಬ್ರಿಟಿಷರು ಹೋದರು. ಬೆಲ್ಜಿಯಮ್ಮಿನ ರೌಂಡೆಲ್‌ನ ನಡುವೆ ಕಪ್ಪು, ಸುತ್ತ ಹಳದಿ, ಹೊರಗೆ ಕೆಂಪು. ಈ ಫಿಲ್ಮಿನಲ್ಲಿ ಮೂರೂ ಗಾಢವಾಗಿ ಇಡೀ ಗುರುತು ಒಂದು ಕಪ್ಪು ತಟ್ಟೆಯಂತೆ ಕಾಣುತ್ತದೆ. ಅವರೂ ಹೋದರು. ಇಟಲಿಯವರ ಗುರುತಿನಲ್ಲಿ ನೀಲಿ ಇಲ್ಲ, ಅದರ ಜಾಗದಲ್ಲಿ ಹಸಿರಿದೆ. ಬಾವುಟದ ಗಾಢ ಹಸಿರು ಈ ಫಿಲ್ಮಿನಲ್ಲಿ ನೀಲಿಯಷ್ಟು ಬೆಳ್ಳಗಾಗುವುದಿಲ್ಲ, ಮಧ್ಯಮ ಬೂದಿಯಾಗಿ ನಿಲ್ಲುತ್ತದೆ. ನಮ್ಮ ಚಿತ್ರದ ಒಳಭಾಗ ಅದಕ್ಕಿಂತ ಬಹಳ ತಿಳಿಯಾಗಿದೆ.

ಉಳಿದವರು ಇಬ್ಬರು, ಫ್ರೆಂಚರು ಮತ್ತು ಅಮೆರಿಕನ್ನರು. ಇಲ್ಲಿ ಎಚ್ಚರ ಬೇಕು. ಫ್ರೆಂಚರದು ನಡುವಿನಿಂದ ಹೊರಗೆ ನೀಲಿ, ಬಿಳಿ, ಕೆಂಪು. 1918ರಲ್ಲಿ ಅಮೆರಿಕನ್ನರು ಫ್ರಾನ್ಸಿನ ರಣರಂಗದಲ್ಲಿ ತಮ್ಮ ನಕ್ಷತ್ರವನ್ನು ಬಿಟ್ಟು ಮಿತ್ರರಂತೆಯೇ ರೌಂಡೆಲ್ ಹಾಕಿಕೊಂಡರು. ಅದರ ಕ್ರಮ ನಡುವಿನಿಂದ ಹೊರಗೆ ಬಿಳಿ, ನೀಲಿ, ಕೆಂಪು. ರಷ್ಯಾದ ಚಕ್ರವರ್ತಿಯ ಕಾಲದ ವಿಮಾನಗಳ ಕ್ರಮವೂ ಅದೇ ಆಗಿತ್ತು, ಆದರೆ ಅಷ್ಟು ಹೊತ್ತಿಗೆ ರಷ್ಯಾ ಯುದ್ಧದಿಂದ ಸರಿಯುತ್ತಿತ್ತು. ಈಗ ನೋಡಿ, ಫ್ರೆಂಚ್ ಮತ್ತು ಅಮೆರಿಕನ್ ಎರಡರಲ್ಲೂ ಹೊರಗೆ ಕೆಂಪು, ಅಂದರೆ ಕಪ್ಪು. ಎರಡರಲ್ಲೂ ಒಳಗೆ ನೀಲಿ ಮತ್ತು ಬಿಳಿ, ಅಂದರೆ ತಿಳಿ ಮತ್ತು ಇನ್ನೂ ತಿಳಿ. ಮೊದಲ ನೋಟಕ್ಕೆ ಎರಡೂ ಕಪ್ಪು ಬಳೆಯೊಳಗಿನ ಬಿಳಿ ತಟ್ಟೆಗಳೇ.

ಆಗ ಕೇಳಬೇಕಾದ ಪ್ರಶ್ನೆ ಒಂದೇ: ಅತ್ಯಂತ ಬೆಳ್ಳಗಿರುವುದು ನಡುವಿನ ಬಟ್ಟೋ, ಅದರ ಸುತ್ತಲಿನ ಬಳೆಯೋ? ಬಟ್ಟಾದರೆ ಅಮೆರಿಕ, ಬಳೆಯಾದರೆ ಫ್ರಾನ್ಸ್. ಬರಿಗಣ್ಣಿನ ಅಂದಾಜಿಗೆ ಇದನ್ನು ಬಿಡಬಾರದು, ಏಕೆಂದರೆ ಕಪ್ಪಿನ ಪಕ್ಕದಲ್ಲಿರುವ ಬೂದಿ ನಮಗೆ ಬಿಳಿಯಂತೆ ಕಾಣುತ್ತದೆ. ಅದಕ್ಕೆ ಒಂದು ಅಳತೆಗೋಲು ಅದೇ ವಿಮಾನದ ಬಾಲದಲ್ಲಿ ಸಿಗುತ್ತದೆ. ಆ ಕಾಲದಲ್ಲಿ ಮಿತ್ರ ದೇಶಗಳವರು ಚುಕ್ಕಾಣಿಯ ಮೇಲೆ ಮೂರೂ ಬಣ್ಣಗಳ ಅಗಲವಾದ ಉದ್ದಪಟ್ಟಿಗಳನ್ನು ಬಳಿಯುತ್ತಿದ್ದರು. ಬಣ್ಣಗಳು ಅವೇ, ಫಿಲ್ಮೂ ಅದೇ, ಬಿಸಿಲೂ ಅದೇ. ಪಟ್ಟಿಗಳಲ್ಲಿ ಒಂದು ಕಪ್ಪು, ಒಂದು ಬಿಳಿ, ಒಂದು ತಿಳಿಬೂದಿ ಇರುತ್ತದೆ. ರೌಂಡೆಲ್‌ನ ನಡುವಿನ ಬಟ್ಟನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಆ ಪಟ್ಟಿಗಳ ಪಕ್ಕದಲ್ಲಿಡಿ. ನಮ್ಮ ಚಿತ್ರದಲ್ಲಿ ಅದು ಬಿಳಿ ಪಟ್ಟಿಗೆ ಹೊಂದದೆ ತಿಳಿಬೂದಿ ಪಟ್ಟಿಗೆ ಹೊಂದಿತು. ಎಂದರೆ ನಡುವೆ ಇರುವುದು ನೀಲಿ, ವಿಮಾನ ಫ್ರಾನ್ಸಿನದು.

ಈ ವಿಧಾನ ಕೈಕೊಡುವ ಸಂದರ್ಭವೂ ಇದೆ. ಮೂಲ ನೆಗೆಟಿವ್ ಇಲ್ಲದೆ ಪ್ರಿಂಟಿನಿಂದ ಪ್ರಿಂಟ್, ಅದರಿಂದ ಸ್ಕ್ಯಾನ್ ಎಂದು ನಕಲಾಗುತ್ತ ಬಂದ ಚಿತ್ರದಲ್ಲಿ ತಿಳಿ ಛಾಯೆಗಳೆಲ್ಲ ಸುಟ್ಟು ಒಂದೇ ಬಿಳಿಯಾಗಿರುತ್ತವೆ. ಚುಕ್ಕಾಣಿಯನ್ನು ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ: ಮೂರು ಪಟ್ಟಿ ಇರಬೇಕಾದ ಕಡೆ ಎರಡೇ ಕಂಡರೆ ರೌಂಡೆಲ್‌ನಿಂದ ಏನನ್ನೂ ಹೇಳುವಂತಿಲ್ಲ. ಆಗ ಒಡಲಿನ ಮೇಲಿನ ದಳದ ಲಾಂಛನವೇ ಗತಿ. ಹಾರುವ ಕೊಕ್ಕರೆ ಕಂಡರೆ ಫ್ರೆಂಚರ ಹೆಸರಾಂತ ಕೊಕ್ಕರೆ ದಳಗಳು. ಬಳೆಯೊಳಗೆ ತೂರಿದ ಎತ್ತರದ ಟೋಪಿ ಕಂಡರೆ ಅಮೆರಿಕನ್ನರ 94ನೆಯ ದಳ. ಅದೂ ಇಲ್ಲವಾದರೆ ಅಡಿಬರಹದಲ್ಲಿ ಎರಡೂ ದೇಶಗಳ ಹೆಸರು ಬರೆದು ನಡುವೆ "ಅಥವಾ" ಎಂದು ಹಾಕುತ್ತೇನೆ. ಹಾಗೆ ಬರೆಯುವಾಗ ಬೇಸರವಾಗುತ್ತದೆ, ಆದರೂ ಬರೆಯುತ್ತೇನೆ.

ಸ್ಥಾನದ ಮಾತು ಹೇಳುತ್ತೇನೆಂದಿದ್ದೆ. 1941ರಿಂದ ಈಚೆಗೆ ಅಮೆರಿಕದ ವಿಮಾನಗಳಲ್ಲಿ ರೆಕ್ಕೆಯ ಗುರುತು ಸಾಮಾನ್ಯವಾಗಿ ಎಡ ರೆಕ್ಕೆಯ ಮೇಲೆ ಮತ್ತು ಬಲ ರೆಕ್ಕೆಯ ಕೆಳಗೆ ಮಾತ್ರ ಇರುತ್ತದೆ. ಬ್ರಿಟಿಷರು ಎರಡೂ ರೆಕ್ಕೆಗಳ ಮೇಲೆ ಹಾಕುತ್ತಿದ್ದರು. ಆದ್ದರಿಂದ ಮೇಲಿನಿಂದ ತೆಗೆದ ಚಿತ್ರದಲ್ಲಿ ಒಂದು ರೆಕ್ಕೆ ಮಾತ್ರ ಗುರುತು ಹೊತ್ತಿದ್ದರೆ, ಗುರುತಿನ ವಿವರ ಮಸುಕಾಗಿದ್ದರೂ ಅಮೆರಿಕದ ಕಡೆ ಮೊದಲು ನೋಡಬಹುದು. ಇದೇ ನಿಯಮ ಇನ್ನೊಂದು ಉಪಕಾರ ಮಾಡುತ್ತದೆ. ನಕ್ಷತ್ರ ಬಲ ರೆಕ್ಕೆಯ ಮೇಲೆ ಕಂಡರೆ, ಚಿತ್ರವನ್ನು ಯಾರೋ ಕನ್ನಡಿಯಂತೆ ತಿರುಗಿಸಿ ಮುದ್ರಿಸಿದ್ದಾರೆಯೇ ಎಂದು ಅನುಮಾನಿಸಬೇಕು. ನೆಗೆಟಿವ್ ಮಗುಚಿದರೆ ಹಾಗಾಗುತ್ತದೆ. ರೌಂಡೆಲ್ ಎರಡೂ ಕಡೆಯಿಂದ ಒಂದೇ ತರಹ ಇರುವುದರಿಂದ ಅದೊಂದರಿಂದ ಈ ತಪ್ಪು ಗೊತ್ತಾಗುವುದಿಲ್ಲ, ವಿಮಾನದ ಮೇಲಿನ ಅಂಕಿ ಅಕ್ಷರಗಳನ್ನು ಓದಿ ನೋಡಬೇಕು.

ಸ್ಥಾನ ಮತ್ತು ಆಕಾರ ಎರಡೂ ಸೇರಿ ಉತ್ತರ ಕೊಡುವ ಒಂದು ಪ್ರಕರಣ ಫಿನ್ಲೆಂಡಿನದು. ಫಿನ್ಲೆಂಡಿನ ವಿಮಾನಗಳ ಮೇಲೆ 1918ರಿಂದ 1945ರವರೆಗೆ ಬಿಳಿ ವೃತ್ತದೊಳಗೆ ನೀಲಿ ಸ್ವಸ್ತಿಕವಿತ್ತು. ಸ್ವೀಡನ್ನಿನ ಎರಿಕ್ ಫಾನ್ ರೋಸೆನ್ ಎಂಬ ಶ್ರೀಮಂತ 1918ರಲ್ಲಿ ಕಾಣಿಕೆಯಾಗಿ ಕೊಟ್ಟ ವಿಮಾನದ ಮೇಲೆ ಅವನ ಶುಭಚಿಹ್ನೆಯಾಗಿ ಬಂದದ್ದು ಅದು. ಆಗ ಜರ್ಮನಿಯಲ್ಲಿ ನಾಜಿ ಪಕ್ಷವೇ ಇರಲಿಲ್ಲ. ಅನೇಕ ಕಪ್ಪು ಬಿಳುಪು ಚಿತ್ರಗಳಲ್ಲಿ ನೀಲಿ ಕಪ್ಪು ಎಂಬ ಭೇದ ಉಳಿಯುವುದಿಲ್ಲವಾದ್ದರಿಂದ ಇಂದಿಗೂ ಫಿನ್ಲೆಂಡಿನ ವಿಮಾನಗಳನ್ನು ಜರ್ಮನಿಯವು ಎಂದು ಬರೆಯುತ್ತಾರೆ. ಆದರೆ ಜರ್ಮನರ ಸ್ವಸ್ತಿಕ ಬಾಲದ ಮೇಲೆ ಮಾತ್ರ ಇರುತ್ತಿತ್ತು, ಓರೆಯಾಗಿ ಮೂಲೆಯ ಮೇಲೆ ನಿಂತಿರುತ್ತಿತ್ತು. ಅವರ ರೆಕ್ಕೆ ಮತ್ತು ಒಡಲಿನ ಮೇಲೆ ಇದ್ದದ್ದು ನೇರ ತೋಳುಗಳ ಶಿಲುಬೆ. ಫಿನ್ಲೆಂಡಿನದು ರೆಕ್ಕೆ ಮತ್ತು ಒಡಲಿನ ಮೇಲೆ, ಬಿಳಿ ತಟ್ಟೆಯೊಳಗೆ, ನೆಟ್ಟಗೆ ನಿಂತಿರುತ್ತದೆ. ಬಣ್ಣವನ್ನು ಕೇಳದೆಯೇ ನಿರ್ಣಯ ಆಗಿಹೋಯಿತು.

ಕೆಲವು ಕಡೆ ಬಣ್ಣ, ಆಕಾರ, ಕ್ರಮ ಮೂರೂ ಸ್ಪಷ್ಟವಾಗಿದ್ದರೂ ರೌಂಡೆಲ್ ಸೋಲುತ್ತದೆ. ಕೆಂಪು ಬಟ್ಟು, ಬಿಳಿ ಬಳೆ, ಕೆಂಪು ಬಳೆ: ಟರ್ಕಿಯದೂ ಇದೇ, ಪೆರುವಿನದೂ ಇದೇ. ಎರಡೂ ದೇಶಗಳು ಅಮೆರಿಕದ ಟಿ-37 ತರಬೇತಿ ವಿಮಾನವನ್ನು ಬಳಸಿವೆ, ಹಾಗಾಗಿ ವಿಮಾನದ ಜಾತಿಯೂ ನೆರವಾಗದೆ ಹೋಗಬಹುದು. ಬಾಲವನ್ನು ನೋಡಬೇಕು. ಟರ್ಕಿಯ ವಿಮಾನದ ಬಾಲದ ಮೇಲೆ ಅರ್ಧಚಂದ್ರ ಮತ್ತು ನಕ್ಷತ್ರವಿರುವ ಬಾವುಟ ಇರುತ್ತದೆ. ಪೆರುವಿನದರ ಮೇಲೆ ಕೆಂಪು, ಬಿಳಿ, ಕೆಂಪು ಉದ್ದಪಟ್ಟಿಗಳಿರುತ್ತವೆ. ಬಾಲ ಚೌಕಟ್ಟಿನಿಂದ ಹೊರಗಿರುವ ಚಿತ್ರ ಸಿಕ್ಕರೆ ಒಡಲಿನ ಮೇಲಿನ ಬರಹ ಯಾವ ಭಾಷೆಯದು ಎಂದು ಹುಡುಕಬೇಕಾಗುತ್ತದೆ.

ಈಚಿನ ದಶಕಗಳ ವಿಮಾನಗಳಲ್ಲಿ ಇನ್ನೊಂದು ತೊಡಕಿದೆ. ಗುರುತು ಎದ್ದು ಕಾಣದಿರಲೆಂದು ಬಣ್ಣಗಳನ್ನು ಕಳೆದು ಬೂದಿಯ ಮೇಲೆ ಬೂದಿಯಲ್ಲಿ ಬರೆಯುತ್ತಾರೆ. ಅಮೆರಿಕದ ನಕ್ಷತ್ರ ಬರಿಯ ಬೂದು ಗೆರೆಗಳಲ್ಲಿ ಉಳಿದಿದೆ. ಬ್ರಿಟಿಷರು ಬಿಳಿ ಬಳೆಯನ್ನೇ ತೆಗೆದು ಮಂಕು ಗುಲಾಬಿಯ ಸುತ್ತ ಮಂಕು ನೀಲಿ ಬಳಿದರು. ಆಕಾರದಿಂದ ಬದುಕುವ ಗುರುತುಗಳಿಗೆ ಇದರಿಂದ ನಷ್ಟವಿಲ್ಲ. ಆಸ್ಟ್ರೇಲಿಯದವರು 1956ರಲ್ಲಿ ನಡುವಿನ ಬಟ್ಟಿನ ಜಾಗಕ್ಕೆ ಕಾಂಗರೂ ತಂದದ್ದು, ಕೆನಡಾದವರು ಮೇಪಲ್ ಎಲೆ, ನ್ಯೂಜಿಲೆಂಡಿನವರು ಕಿವಿ ಹಕ್ಕಿ ತಂದದ್ದು ಬ್ರಿಟಿಷರಿಂದ ಬೇರೆಯಾಗಿ ಕಾಣಲೆಂದು. ಬಣ್ಣ ಹೋದ ಈ ಕಾಲದಲ್ಲಿ ಕಾಂಗರೂ ಬೂದಿಯಾದರೂ ಕಾಂಗರೂವೇ. ಬಳೆಗಳನ್ನು ಮಾತ್ರ ನೆಚ್ಚಿಕೊಂಡ ದೇಶಗಳ ಗುರುತು ಬೂದಿಯಲ್ಲಿ ಒಂದರಂತೆ ಇನ್ನೊಂದು ಆಗುತ್ತದೆ.

ನೆಲದ ವಾಹನಗಳ ಬಗ್ಗೆ ಕೆಲವರು ಮುಂಚೆಯೇ ಕೇಳಿದ್ದರು. ಅಲ್ಲಿ ಗುರುತಿನ ಲೆಕ್ಕಾಚಾರ ಬೇರೆ. ವಿಮಾನ ಆಕಾಶದಲ್ಲಿ ಹೇಗೂ ಕಾಣುತ್ತದೆ, ಟ್ಯಾಂಕು ಅಡಗಿ ಬದುಕುವ ವಾಹನ. 1939ರಲ್ಲಿ ಪೋಲೆಂಡಿಗೆ ನುಗ್ಗಿದ ಜರ್ಮನ್ ಟ್ಯಾಂಕುಗಳ ಮೇಲೆ ದೊಡ್ಡ ಬಿಳಿ ಶಿಲುಬೆಗಳಿದ್ದವು. ಪೋಲಿಷ್ ಫಿರಂಗಿಯವರಿಗೆ ಅವು ಗುರಿಯಿಡಲು ಅನುಕೂಲವಾದವು. ಟ್ಯಾಂಕಿನವರು ಅದಕ್ಕೆ ಕೆಸರು ಮೆತ್ತಿದರು, ಮಂಕು ಬಣ್ಣ ಬಳಿದರು, ಆಮೇಲೆ ಬಿಳಿ ಅಂಚಿನ ಸಣ್ಣ ಕಪ್ಪು ಶಿಲುಬೆ ಬಂತು. ತುಂಬು ಬಿಳಿ ಶಿಲುಬೆ ಕಂಡರೆ ಅದು ಯುದ್ಧದ ಮೊದಲ ವಾರಗಳ ಚಿತ್ರವೆಂದು ಹೇಳಲು ಇದು ಆಧಾರ.

ಇನ್ನೊಂದು ವ್ಯತ್ಯಾಸವೆಂದರೆ ವಾಹನದ ಮೇಲಿನ ಗುರುತು ಅನೇಕ ವೇಳೆ ಒಂದು ದೇಶದ್ದಲ್ಲ, ಯುದ್ಧದಲ್ಲಿ ಒಂದು ಬದಿಗೆ ನಿಂತವರೆಲ್ಲರದ್ದು. 1944ರ ನಾರ್ಮಂಡಿಯಲ್ಲಿ ಬಿಳಿ ಐದುಮೂಲೆಯ ನಕ್ಷತ್ರ ಎಲ್ಲ ಮಿತ್ರಸೈನ್ಯಗಳ ಸಾಮಾನ್ಯ ಗುರುತಾಗಿತ್ತು. ನಕ್ಷತ್ರವಿರುವ ಶೆರ್ಮನ್ ಟ್ಯಾಂಕು ಕಂಡೊಡನೆ ಅಮೆರಿಕ ಎಂದು ಬರೆದರೆ ಬ್ರಿಟಿಷರು, ಕೆನಡಾದವರು, ಪೋಲಿಷರು, ಫ್ರೆಂಚರು ಎಲ್ಲರನ್ನೂ ಅಳಿಸಿದಂತೆ. ನಕ್ಷತ್ರವನ್ನು ಬಿಟ್ಟು ಸಣ್ಣ ಬರಹಗಳನ್ನು ನೋಡಬೇಕು. ನೋಂದಣಿ ಸಂಖ್ಯೆಯ ಮುಂದೆ ಯು.ಎಸ್.ಎ. ಎಂದಿದ್ದರೆ ಅಮೆರಿಕ. ಟಿ ಅಕ್ಷರದಿಂದ ಶುರುವಾದರೆ ಅದು ಟ್ಯಾಂಕುಗಳಿಗೆ ಬ್ರಿಟಿಷ್ ಪದ್ಧತಿಯ ಸಂಖ್ಯೆ. ಪಕ್ಕದಲ್ಲಿ ಫ್ರಾನ್ಸಿನ ಭೂಪಟದ ಮೇಲೆ ಎರಡು ಅಡ್ಡಗೆರೆಗಳ ಲೊರೇನ್ ಶಿಲುಬೆ ಇದ್ದರೆ ಜನರಲ್ ಲೆಕ್ಲೆರ್ ಅವರ ಫ್ರೆಂಚ್ ಎರಡನೆಯ ಕವಚ ದಳ. 1991ರ ಕೊಲ್ಲಿ ಯುದ್ಧದಲ್ಲಿ ಮಿತ್ರಕೂಟದ ವಾಹನಗಳು ಹಾಕಿಕೊಂಡ ತಲೆಕೆಳಗಾದ ವಿ ಆಕಾರವೂ, 2022ರಲ್ಲಿ ಯುಕ್ರೇನಿಗೆ ನುಗ್ಗಿದ ರಷ್ಯನ್ ವಾಹನಗಳ ಮೇಲಿನ ಜೆಡ್ ಅಕ್ಷರವೂ ಇಂಥ ತಾತ್ಕಾಲಿಕ ಗುರುತುಗಳೇ. ವಶಪಡಿಸಿಕೊಂಡ ವಾಹನಗಳ ಮೇಲೆ ಮಾತ್ರ ಗುರುತು ಬೇಕೆಂದೇ ದೊಡ್ಡದಾಗುತ್ತದೆ. ಸೋವಿಯತ್ ಟಿ-34 ಟ್ಯಾಂಕಿನ ಗೋಪುರದ ತುಂಬ ಜರ್ಮನ್ ಶಿಲುಬೆ ಇರುವ ಚಿತ್ರಗಳನ್ನು ನೀವು ನೋಡಿರಬಹುದು. ತಮ್ಮವರೇ ಹೊಡೆಯದಿರಲೆಂದು ಹಾಗೆ ಬರೆದದ್ದು. ಗುರುತು ತಯಾರಿಸಿದವರನ್ನು ಹೇಳುವುದಿಲ್ಲ, ಆ ದಿನ ಒಳಗೆ ಕುಳಿತವರನ್ನು ಹೇಳುತ್ತದೆ.

ಉಪನ್ಯಾಸದ ಕೊನೆಯಲ್ಲಿ ಸಭೆಯಿಂದ ಒಬ್ಬರು ಒಂದು ವರ್ಣಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿ, ಇದು ಜರ್ಮನಿಯದೇ ತಾನೇ ಎಂದು ಕೇಳಿದರು. ಪ್ರದರ್ಶನವೊಂದರಲ್ಲಿ ಹಾರುತ್ತಿದ್ದ ಮೆಸ್ಸರ್‌ಸ್ಮಿಟ್ 109ರಂತಹ ವಿಮಾನ. ರೆಕ್ಕೆಯ ಮೇಲೆ ಶಿಲುಬೆ, ಬಾಲದ ಮೇಲೆ ಓರೆ ಸ್ವಸ್ತಿಕ, ಬಣ್ಣ, ಕ್ರಮ, ಸ್ಥಾನ ಎಲ್ಲವೂ ಸರಿಯಾಗಿದ್ದವು. ನಾನು ಅವರಿಗೆ ಮೂತಿಯನ್ನು ನೋಡಲು ಹೇಳಿದೆ. ಜರ್ಮನಿಯ 109ರ ಎಂಜಿನ್ ಅನ್ನು ತಲೆಕೆಳಗಾಗಿ ಕೂರಿಸಿರುತ್ತಾರೆ, ಆದ್ದರಿಂದ ಹೊಗೆ ಕೊಳವೆಗಳ ಸಾಲು ಮೂತಿಯ ಕೆಳಭಾಗದಲ್ಲಿ ಇರುತ್ತದೆ. ಈ ಚಿತ್ರದಲ್ಲಿ ಕೊಳವೆಗಳು ಮೇಲ್ಭಾಗದಲ್ಲಿದ್ದವು, ಮೂತಿಯ ಅಡಿಯಲ್ಲಿ ಗದ್ದದಂತಹ ಉಬ್ಬೂ ಇತ್ತು. ಅದು ಯುದ್ಧದ ನಂತರ ಸ್ಪೇನಿನಲ್ಲಿ ಬ್ರಿಟಿಷ್ ಮೆರ್ಲಿನ್ ಎಂಜಿನ್ ಹಾಕಿ ತಯಾರಿಸಿದ ಬುಚೋನ್. ತನ್ನ ಸೇವೆಯ ದಿನಗಳಲ್ಲಿ ಅದು ಹೊತ್ತದ್ದು ಕೆಂಪು, ಹಳದಿ, ಕೆಂಪು ಬಳೆಗಳ ಸ್ಪೇನಿನ ರೌಂಡೆಲ್ ಮತ್ತು ಬಿಳಿ ಚುಕ್ಕಾಣಿಯ ಮೇಲಿನ ಕಪ್ಪು ಓರೆ ಶಿಲುಬೆಯನ್ನು. ಜರ್ಮನ್ ಗುರುತನ್ನು ಅದಕ್ಕೆ ಬಳಿದದ್ದು ಬಹಳ ವರ್ಷಗಳ ನಂತರ, ಪ್ರದರ್ಶನಕ್ಕಾಗಿ. ಅವರು ಚಿತ್ರವನ್ನು ದೊಡ್ಡದು ಮಾಡಿ ಹೊಗೆ ಕೊಳವೆಗಳನ್ನು ಎಣಿಸಿದರು, ಬದಿಗೆ ಆರು.